ಟಾಸ್ಕ್ ಶೆಡ್ಯೂಲರ್ ಅಸೈನ್‌ಮೆಂಟ್: ಹೀಪ್‌ನ ನಡುವಿನ ಟಾಸ್ಕ್ ರದ್ದು ಮಾಡಿದ ಮೇಲೆ ಕ್ರಮ ತಪ್ಪುತ್ತಿದೆ

ಸೆಮ್_ಮೂರು

ಎಲ್ಲರಿಗೂ ನಮಸ್ಕಾರ. ನಾನು ಮೂರನೆಯ ಸೆಮಿಸ್ಟರ್‌ನ ವಿದ್ಯಾರ್ಥಿ. ಡೇಟಾ ಸ್ಟ್ರಕ್ಚರ್ಸ್ ವಿಷಯದಲ್ಲಿ ನಮಗೆ ಸಿ ಭಾಷೆಯಲ್ಲಿ ಒಂದು ಟಾಸ್ಕ್ ಶೆಡ್ಯೂಲರ್ ಬರೆಯುವ ಅಸೈನ್‌ಮೆಂಟ್ ಕೊಟ್ಟಿದ್ದಾರೆ. ಪ್ರತಿ ಟಾಸ್ಕ್‌ಗೆ ಒಂದು ಗುರುತಿನ ಸಂಖ್ಯೆ ಮತ್ತು ಒಂದು ಆದ್ಯತೆಯ ಸಂಖ್ಯೆ ಇರುತ್ತದೆ. ಆದ್ಯತೆಯ ಸಂಖ್ಯೆ ಚಿಕ್ಕದಾದಷ್ಟೂ ಕೆಲಸ ತುರ್ತಿನದು. `ADD`, `RUN`, `CANCEL`, `CHANGE` ಎಂಬ ನಾಲ್ಕು ಆಜ್ಞೆಗಳಿವೆ. ಒಂದೇ ಆದ್ಯತೆಯ ಟಾಸ್ಕ್‌ಗಳು ಬಂದ ಕ್ರಮದಲ್ಲಿಯೇ ನಡೆಯಬೇಕು ಎಂಬ ನಿಯಮವೂ ಇದೆ.

ನಾನು ಅರೇ ಬಳಸಿ ಮಿನ್ ಹೀಪ್ ಬರೆದಿದ್ದೇನೆ. ಯಾವ ಟಾಸ್ಕ್ ಅರೇಯಲ್ಲಿ ಎಲ್ಲಿದೆ ಎಂದು ತಿಳಿಯಲು `pos` ಎಂಬ ಇನ್ನೊಂದು ಅರೇ ಇಟ್ಟುಕೊಂಡಿದ್ದೇನೆ. ಪ್ರಶ್ನೆಪತ್ರದಲ್ಲಿ ಕೊಟ್ಟಿದ್ದ ಮಾದರಿ ಪರೀಕ್ಷೆಗಳೆಲ್ಲ ಸರಿಯಾಗಿ ಬರುತ್ತಿವೆ, ಆದರೆ ಪೋರ್ಟಲ್‌ನಲ್ಲಿ ನಮಗೆ ಕಾಣದ 12 ಪರೀಕ್ಷೆಗಳಲ್ಲಿ 4 ತಪ್ಪಾಗುತ್ತಿವೆ. ಆ ನಾಲ್ಕರ ಹೆಸರಿನಲ್ಲೂ ರದ್ದತಿ, ಬದಲಾವಣೆ ಅಥವಾ ಸಮಾನ ಆದ್ಯತೆ ಎಂಬ ಪದಗಳಿರುವುದನ್ನು ಬಿಟ್ಟರೆ ಬೇರೆ ಸುಳಿವಿಲ್ಲ. ನನ್ನ ಅನುಮಾನ ಈ ಭಾಗದ ಮೇಲಿದೆ:

```c
void cancel(int id) {
    int i = pos[id];
    pos[id] = -1;
    n--;
    h[i] = h[n];
    pos[h[i].id] = i;
    siftDown(i);
}
```

ರದ್ದಾದ ಟಾಸ್ಕ್‌ನ ಜಾಗಕ್ಕೆ ಅರೇಯ ಕೊನೆಯ ಟಾಸ್ಕ್ ತಂದು ಕೂರಿಸಿ, ಅದನ್ನು ಕೆಳಕ್ಕೆ ಇಳಿಸುತ್ತಿದ್ದೇನೆ. `RUN` ಆಜ್ಞೆಗೂ ಇದನ್ನೇ ಮಾಡಿದ್ದೇನೆ, ಅಲ್ಲಿ ಯಾವ ತೊಂದರೆಯೂ ಇಲ್ಲ. ಪೋರ್ಟಲ್‌ನಲ್ಲಿ ದಿನಕ್ಕೆ ಮೂರು ಸಲ ಮಾತ್ರ ಸಲ್ಲಿಸಬಹುದಾದ್ದರಿಂದ ಊಹೆಯ ಮೇಲೆ ತಿದ್ದುತ್ತ ಹೋಗುವಂತಿಲ್ಲ. ದಯವಿಟ್ಟು ತಪ್ಪು ಎಲ್ಲಿದೆ ಎಂದು ತಿಳಿಸಿ.

ಅಲ್ಗೋ_ಅಭ್ಯಾಸಿ

ನಿಮ್ಮ `cancel` ಸರಿಯಾಗಿಯೇ ಇದೆ. ಅರೇಯ ಕೊನೆಯಲ್ಲಿರುವುದು ಮರದ ಅತ್ಯಂತ ಕೆಳಗಿನ ಸಾಲಿನ ಟಾಸ್ಕ್. ಕೆಳಗಿನ ಸಾಲಿನಲ್ಲಿ ದೊಡ್ಡ ಸಂಖ್ಯೆಗಳೇ ಇರುವುದರಿಂದ, ಅದನ್ನು ಮೇಲೆ ಎಲ್ಲಿ ತಂದು ಕೂರಿಸಿದರೂ ಅದು ಇಳಿಯಬೇಕಾಗುತ್ತದೆಯೇ ಹೊರತು ಏರಬೇಕಾಗುವುದಿಲ್ಲ. ತಪ್ಪು ಬೇರೆ ಕಡೆ ಇರಬೇಕು. ನೀವು ಎರಡು ಟಾಸ್ಕ್‌ಗಳನ್ನು ಹೋಲಿಸುವುದು ಹೇಗೆ? ಆದ್ಯತೆಯನ್ನು ಮಾತ್ರ ನೋಡುತ್ತಿದ್ದರೆ ಸಮಾನ ಆದ್ಯತೆಯ ಪರೀಕ್ಷೆ ಖಂಡಿತ ಬೀಳುತ್ತದೆ. ಆದ್ಯತೆ 5 ಇರುವ ಅ, ಬ, ಕ ಎಂಬ ಮೂರು ಟಾಸ್ಕ್‌ಗಳು ಅದೇ ಕ್ರಮದಲ್ಲಿ ಬಂದವು ಎಂದುಕೊಳ್ಳಿ. ಅ ಹೊರಗೆ ಹೋದಾಗ ಕೊನೆಯಲ್ಲಿದ್ದ ಕ ರೂಟ್‌ಗೆ ಬರುತ್ತದೆ. ಕೆಳಗಿರುವ ಬ ಅದಕ್ಕಿಂತ ಚಿಕ್ಕದಲ್ಲ, ಸಮ. ಹಾಗಾಗಿ ಅದಲುಬದಲು ನಡೆಯುವುದಿಲ್ಲ, ಬ ಕಾಯುತ್ತಿರುವಾಗಲೇ ಕ ಓಡಿಬಿಡುತ್ತದೆ.

ಸೆಮ್_ಮೂರು

ಆದ್ಯತೆ ಸಮವಾದಾಗ ಟಾಸ್ಕ್ ಬಂದ ಸಮಯವನ್ನು ಹೋಲಿಸುತ್ತಿದ್ದೇನೆ. ಸಮಯವೆಂದರೆ ಇನ್‌ಪುಟ್‌ನಲ್ಲಿ ಕೊಡುವ ಟಿಕ್ ಸಂಖ್ಯೆ.

ಅಲ್ಗೋ_ಅಭ್ಯಾಸಿ

ಒಂದೇ ಟಿಕ್‌ನಲ್ಲಿ ಎರಡು ಟಾಸ್ಕ್ ಬಂದರೆ ಅದೂ ಸಮವಾಗಿಬಿಡುತ್ತದಲ್ಲ! ಪ್ರತಿ `ADD` ಬಂದಾಗಲೂ ಒಂದೊಂದು ಹೆಚ್ಚುವ ಕ್ರಮಸಂಖ್ಯೆಯನ್ನು ಟಾಸ್ಕ್‌ಗೆ ಅಂಟಿಸಿ. ಇನ್ನೂ ಸುಲಭವೆಂದರೆ ಆದ್ಯತೆಯನ್ನು 1000ದಿಂದ ಗುಣಿಸಿ ಕ್ರಮಸಂಖ್ಯೆಯನ್ನು ಕೂಡಿಸಿ ಒಂದೇ ಸಂಖ್ಯೆ ಮಾಡಿಕೊಳ್ಳುವುದು.

ಪಾಯಿಂಟರ್_ಪ್ರಿಯ

ಹೀಪ್‌ನಲ್ಲಿ ತೊಂದರೆಯಿದ್ದರೆ ಮೊದಲು ನೋಡಬೇಕಾದದ್ದು `free`. ರದ್ದು ಮಾಡಿದ ಟಾಸ್ಕ್‌ನ ಜಾಗವನ್ನು ನೀವು ಎಲ್ಲಿಯೂ ಬಿಡುಗಡೆ ಮಾಡಿಲ್ಲ, ಹೀಗಾಗಿ ಹೀಪ್ ತುಂಬುತ್ತ ಹೋಗಿ ಮುಂದಿನ `malloc` ತಪ್ಪು ವಿಳಾಸ ಕೊಡುತ್ತಿರಬಹುದು. ವಾಲ್‌ಗ್ರಿಂಡ್ ಹಾಕಿ ಒಮ್ಮೆ ನೋಡಿ.

ಲ್ಯಾಬ್_ಮೇಡಂ

ಪಾಯಿಂಟರ್_ಪ್ರಿಯ ಅವರೇ, ತಾವು ಹೇಳುತ್ತಿರುವುದು ಮೆಮೊರಿಯ ಹೀಪ್. ಇವರ ಪ್ರಶ್ನೆ ಮರದ ಹೀಪ್‌ನದು. ಹೆಸರು ಒಂದೇ ಆದರೂ ಸಂಬಂಧವಿಲ್ಲ, ಮತ್ತು ಇವರ ಕೋಡ್‌ನಲ್ಲಿ ಟಾಸ್ಕ್‌ಗಳು ನೇರವಾಗಿ ಅರೇಯಲ್ಲಿರುವುದರಿಂದ ಬಿಡುಗಡೆ ಮಾಡಬೇಕಾದದ್ದು ಏನೂ ಇಲ್ಲ. ಪ್ರತಿ ವರ್ಷ ಮೌಖಿಕ ಪರೀಕ್ಷೆಯಲ್ಲಿ ಒಬ್ಬರಾದರೂ ಈ ಎರಡನ್ನು ಬೆಸೆದು ಉತ್ತರಿಸುತ್ತಾರೆ, ಆದ್ದರಿಂದ ಬೇಸರ ಬೇಡ.

ಅಲ್ಗೋ_ಅಭ್ಯಾಸಿ ಅವರು ಕ್ರಮಸಂಖ್ಯೆಯ ಬಗ್ಗೆ ಹೇಳಿದ್ದು ಪೂರ್ತಿ ಸರಿ. ಆದರೆ 1000ದಿಂದ ಗುಣಿಸುವ ಉಪಾಯ ಬೇಡ. ಸಾವಿರದ ಗಡಿ ದಾಟಿದ ಕೂಡಲೇ ಆದ್ಯತೆ 4ರ ತಡವಾದ ಟಾಸ್ಕ್ ಆದ್ಯತೆ 5ರ ಹಳೆಯ ಟಾಸ್ಕ್‌ನ ಹಿಂದೆ ಸರಿಯುತ್ತದೆ. ಎರಡು ಸಂಖ್ಯೆಗಳನ್ನು ಬೇರೆಯಾಗಿಯೇ ಇಟ್ಟು ಹೋಲಿಸಿದರೆ ಈ ಚಿಂತೆ ಇರುವುದಿಲ್ಲ:

```c
int less(Task a, Task b) {
    if (a.pri != b.pri) return a.pri < b.pri;
    return a.seq < b.seq;
}
```

ಇನ್ನು `cancel` ಸರಿಯಿದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೊನೆಯ ಟಾಸ್ಕ್ ತನ್ನ ಪೂರ್ವಜರಿಗಿಂತ, ಅಂದರೆ ಅದರಿಂದ ರೂಟ್‌ವರೆಗಿನ ದಾರಿಯಲ್ಲಿರುವವರಿಗಿಂತ, ಚಿಕ್ಕದಲ್ಲ ಎಂಬುದಷ್ಟೇ ಹೀಪ್ ಕೊಡುವ ಭರವಸೆ. ಪಕ್ಕದ ಕೊಂಬೆಯಲ್ಲಿರುವವರ ಬಗ್ಗೆ ಹೀಪ್ ಏನನ್ನೂ ಹೇಳುವುದಿಲ್ಲ. ಈ ಅರೇಯನ್ನು ಕಾಗದದ ಮೇಲೆ ಮರವಾಗಿ ಬರೆದು ನೋಡಿ:

```
[1, 10, 2, 11, 12, 3, 4]
```

ಎಡ ಕೊಂಬೆಯ ಮೇಲ್ತುದಿಯಲ್ಲಿ 10, ಬಲ ಕೊಂಬೆಯ ಮೇಲ್ತುದಿಯಲ್ಲಿ 2 ಇವೆ. ಇದು ನಿಯಮಬದ್ಧವಾದ ಮಿನ್ ಹೀಪ್. ಕೊನೆಯಲ್ಲಿರುವುದು 4, ಅದು ಬಲ ಕೊಂಬೆಯದು. ಈಗ ಎಡ ಕೊಂಬೆಯಲ್ಲಿ ಇಂಡೆಕ್ಸ್ 3ರಲ್ಲಿರುವ 11ನ್ನು ರದ್ದು ಮಾಡಿ. ನಿಮ್ಮ ಕೋಡ್ 4ನ್ನು ತಂದು ಅಲ್ಲಿ ಕೂರಿಸುತ್ತದೆ. ಕೆಳಗೆ ಮಕ್ಕಳಿಲ್ಲದ ಕಾರಣ `siftDown` ಏನನ್ನೂ ಮಾಡದೆ ಹಿಂದಿರುಗುತ್ತದೆ. ಆದರೆ 4ರ ಪೇರೆಂಟ್ 10. ಅಲ್ಲಿಗೆ ಹೀಪ್ ಮುರಿಯಿತು. ಆ 4 ಒಂದು ಹೆಜ್ಜೆ ಮೇಲೇರಬೇಕಾಗಿತ್ತು.

ಸೆಮ್_ಮೂರು

ಮೇಡಂ, ತುಂಬಾ ಧನ್ಯವಾದಗಳು. ಆದರೆ ಒಂದು ಗೊಂದಲವಿದೆ. ತಾವು ಕೊಟ್ಟ ಏಳು ಸಂಖ್ಯೆಗಳನ್ನೇ ನನ್ನ ಪ್ರೋಗ್ರಾಮ್‌ಗೆ ಕೊಟ್ಟು, 11ನ್ನು ರದ್ದು ಮಾಡಿ, ಉಳಿದವನ್ನು ಒಂದೊಂದಾಗಿ `RUN` ಮಾಡಿದೆ. 1, 2, 3, 4, 10, 12 ಎಂದು ಸರಿಯಾದ ಕ್ರಮದಲ್ಲಿಯೇ ಬಂದಿತು. ಎರಡನೆಯ ಸಲ ಕಾಗದದ ಮೇಲೂ ಮಾಡಿದೆ, ಅದೇ ಉತ್ತರ ಬಂದಿತು. ಹೀಪ್ ಮುರಿದಿದ್ದರೆ ಕ್ರಮ ತಪ್ಪಬೇಕಾಗಿತ್ತಲ್ಲವೇ?

ಅಲ್ಗೋ_ಅಭ್ಯಾಸಿ

ನಾನು ಮೊದಲೇ ಹೇಳಿದ್ದೆನಲ್ಲ.

ಲ್ಯಾಬ್_ಮೇಡಂ

ಕಾಗದದ ಮೇಲೆ ಮಾಡಿ ನೋಡಿದಿರಲ್ಲ, ಸಂತೋಷ. ನಿಮ್ಮ ಉತ್ತರ ಸರಿ, ಆದರೆ ಅದರಿಂದ ನೀವು ತೆಗೆದ ತೀರ್ಮಾನ ತಪ್ಪು. ರದ್ದತಿಯ ನಂತರ ನಿಮ್ಮ ಅರೇ `[1, 10, 2, 4, 12, 3]` ಆಗಿತ್ತು. 4 ಮತ್ತು 10 ತಲೆಕೆಳಗಾಗಿಯೇ ಇದ್ದವು. ಮುಂದಿನ ಎರಡು `RUN`ಗಳಲ್ಲಿ ರೂಟ್‌ಗೆ ಬಂದ ಸಂಖ್ಯೆಗಳೆಲ್ಲ ಬಲ ಕೊಂಬೆಯಿಂದಲೇ ಮೇಲೆ ಬಂದವು. ಮೂರನೆಯದರ ಹೊತ್ತಿಗೆ ಅರೇ ಎಷ್ಟು ಚಿಕ್ಕದಾಗಿತ್ತೆಂದರೆ 4ನೇ ಅದರ ಕೊನೆಯ ಸದಸ್ಯವಾಗಿ, ಕೊನೆಯದನ್ನು ರೂಟ್‌ಗೆ ತರುವ ಹೆಜ್ಜೆಯಲ್ಲಿ ನೇರವಾಗಿ ಮೇಲಕ್ಕೆ ಹಾರಿತು. ಅಂದರೆ ನಿಮ್ಮ ಹೀಪ್ ಸರಿಯಾಗಿದ್ದುದರಿಂದ ಉತ್ತರ ಸರಿಬಂದದ್ದಲ್ಲ, ಚಿಕ್ಕದಾಗಿದ್ದುದರಿಂದ ಬಂದದ್ದು. ಮಾದರಿ ಪರೀಕ್ಷೆಗಳು ಪಾಸಾಗುತ್ತಿರುವುದಕ್ಕೂ ಇದೇ ಕಾರಣವಿರಬಹುದು, ಏಕೆಂದರೆ ಪ್ರಶ್ನೆಪತ್ರದಲ್ಲಿ ಅಚ್ಚಾಗುವ ಮಾದರಿಗಳು ಆರೇಳು ಟಾಸ್ಕ್‌ಗಳನ್ನು ಮೀರುವುದು ಅಪರೂಪ.

ಈಗ ಅದೇ ರದ್ದತಿಯ ನಂತರ, `RUN` ಶುರು ಮಾಡುವ ಮುನ್ನ, 20, 21, 22, 23 ಎಂಬ ನಾಲ್ಕು ಹೊಸ ಟಾಸ್ಕ್‌ಗಳನ್ನು ಸೇರಿಸಿ. ಅವು ತಮ್ಮ ತಮ್ಮ ಪೇರೆಂಟ್‌ಗಿಂತ ದೊಡ್ಡವಾದ್ದರಿಂದ ಬಾಲಕ್ಕೆ ಸುಮ್ಮನೆ ಸೇರಿಕೊಳ್ಳುತ್ತವೆ. ನಂತರ ಪ್ರತಿ `RUN` ಮುಗಿದಾಗ ಅರೇ ಹೀಗಿರುತ್ತದೆ:

```
start : [1, 10, 2, 4, 12, 3, 20, 21, 22, 23]
RUN 1 : [2, 10, 3, 4, 12, 23, 20, 21, 22]
RUN 2 : [3, 10, 20, 4, 12, 23, 22, 21]
RUN 3 : [10, 4, 20, 21, 12, 23, 22]
```

ಮೂರನೆಯ ಸಾಲಿನಿಂದ ನಾಲ್ಕನೆಯದಕ್ಕೆ ಹೋಗುವಾಗ ಏನಾಯಿತೆಂದು ಗಮನಿಸಿ. ರೂಟ್‌ಗೆ 21 ಬಂದಿತು, ಅದರ ಮಕ್ಕಳು 10 ಮತ್ತು 20. ಚಿಕ್ಕದಾದ 10 ಮೇಲೆ ಹೋಯಿತು. 4 ಅದರ ಕೆಳಗೆ ಅಡಗಿ ಕುಳಿತಿದ್ದುದರಿಂದ ರೂಟ್‌ಗೆ ಅದು ಕಾಣಲೇ ಇಲ್ಲ. ಮುಂದಿನ `RUN` 10ನ್ನು ಕೊಡುತ್ತದೆ, ಆಮೇಲೆ 4 ಬರುತ್ತದೆ. ತಪ್ಪು ನಡೆದದ್ದು ರದ್ದತಿಯಲ್ಲಿ, ಕಣ್ಣಿಗೆ ಬಿದ್ದದ್ದು ಎಂಟು ಆಜ್ಞೆಗಳ ನಂತರ. ಹೀಗಾಗಿ ಔಟ್‌ಪುಟ್ ನೋಡಿ ಈ ಬಗೆಯ ತಪ್ಪನ್ನು ಹುಡುಕುವುದು ಕಷ್ಟ. ಪ್ರತಿ ಆಜ್ಞೆಯ ನಂತರ ಹೀಪ್‌ನ ನಿಯಮವನ್ನೇ ಪರೀಕ್ಷಿಸುವ ಒಂದು ಫಂಕ್ಷನ್ ಬರೆದುಕೊಳ್ಳಿ, ಸಲ್ಲಿಸುವಾಗ ತೆಗೆದುಹಾಕಿ:

```c
void check(void) {
    for (int i = 1; i < n; i++)
        assert(!less(h[i], h[(i - 1) / 2]));
    for (int i = 0; i < n; i++)
        assert(pos[h[i].id] == i);
}
```

ಇದಿದ್ದರೆ 11ನ್ನು ರದ್ದು ಮಾಡಿದ ಕ್ಷಣದಲ್ಲೇ ಪ್ರೋಗ್ರಾಮ್ ನಿಲ್ಲುತ್ತದೆ.

ಅಲ್ಗೋ_ಅಭ್ಯಾಸಿ

ಮೇಲಿನ ನಾಲ್ಕು ಸಾಲುಗಳನ್ನು ನಾನೂ ಬರೆದು ನೋಡಿದೆ. ನನ್ನ ಮಾತು ತಪ್ಪಾಗಿತ್ತು, ಒಪ್ಪುತ್ತೇನೆ. ಆದರೆ ಎಲ್ಲಿ ತಪ್ಪಿದೆ ಎಂಬುದೂ ಈಗ ಗೊತ್ತಾಗುತ್ತಿದೆ. ರದ್ದಾಗುವ ಟಾಸ್ಕ್ ಕೊನೆಯ ಟಾಸ್ಕ್‌ನ ಪೂರ್ವಜನೇ ಆಗಿದ್ದರೆ ನನ್ನ ಮಾತು ನಿಲ್ಲುತ್ತದೆ, ಏಕೆಂದರೆ ಆ ಜಾಗಕ್ಕಿಂತ ಮೇಲಿರುವವರೆಲ್ಲ ಕೊನೆಯ ಟಾಸ್ಕ್‌ಗೂ ಪೂರ್ವಜರೇ. ರೂಟ್ ಎಲ್ಲರಿಗೂ ಪೂರ್ವಜ, ಆದ್ದರಿಂದ `RUN`ಗೆ ಇಳಿಸುವುದೊಂದೇ ಸಾಕು. ಬೇರೆ ಕೊಂಬೆಯಿಂದ ತಂದು ಕೂರಿಸಿದಾಗ ಮಾತ್ರ ಏರಿಸಬೇಕಾಗಬಹುದು. ಹಾಗಿದ್ದರೆ ಪೇರೆಂಟ್‌ನೊಂದಿಗೆ ಹೋಲಿಸಿ, ಚಿಕ್ಕದಾಗಿದ್ದರೆ `siftUp`, ಇಲ್ಲದಿದ್ದರೆ `siftDown` ಎಂದು ಬರೆಯಬೇಕೇ?

ಲ್ಯಾಬ್_ಮೇಡಂ

ಹಾಗೆ ಬರೆದರೂ ಸರಿ. ನನಗೆ ಇಷ್ಟವಾದದ್ದು ಷರತ್ತಿಲ್ಲದೆ ಎರಡನ್ನೂ ಒಂದರ ನಂತರ ಒಂದು ಕರೆಯುವುದು: `siftDown(i); siftUp(i);`. ಎರಡೂ ಕೆಲಸ ಮಾಡಿ ಒಂದರ ಫಲವನ್ನು ಇನ್ನೊಂದು ಕೆಡಿಸುವ ಭಯ ಬೇಡ. ಇಳಿಸುವಿಕೆ ನಿಜವಾಗಿಯೂ ನಡೆದಿದ್ದರೆ ಆ ಜಾಗಕ್ಕೆ ಈಗ ಬಂದಿರುವುದು ರದ್ದಾದ ಟಾಸ್ಕ್‌ನ ಒಂದು ಮಗು. ಅದು ರದ್ದಾದುದಕ್ಕಿಂತ ಚಿಕ್ಕದಲ್ಲ, ರದ್ದಾದದ್ದು ತನ್ನ ಪೇರೆಂಟ್‌ಗಿಂತ ಚಿಕ್ಕದಾಗಿರಲಿಲ್ಲ. ಆದ್ದರಿಂದ `siftUp` ಒಂದೇ ಹೋಲಿಕೆ ಮಾಡಿ ಸುಮ್ಮನಾಗುತ್ತದೆ. ಇಳಿಸುವಿಕೆ ನಡೆಯದಿದ್ದಾಗ ಮಾತ್ರ ಅದಕ್ಕೆ ಕೆಲಸ. ಜಾವಾದ `PriorityQueue` ಒಳಗೂ ಗೋ ಭಾಷೆಯ `container/heap` ಒಳಗೂ ನಡುವಿನಿಂದ ತೆಗೆಯುವಾಗ ಮೊದಲು ಇಳಿಸಿ, ಅದು ಕದಲದಿದ್ದರೆ ಏರಿಸಿ ನೋಡುತ್ತಾರೆ.

ಈ ತಪ್ಪು ಇಷ್ಟು ಸಾಮಾನ್ಯವಾಗಿರುವುದು ಏಕೆ ಎಂದು ನಾನು ಯೋಚಿಸಿದ್ದುಂಟು. ವಿಲಿಯಮ್ಸ್ 1964ರಲ್ಲಿ ಹೀಪ್ ಅನ್ನು ಪರಿಚಯಿಸಿದ್ದು ಹೀಪ್‌ಸಾರ್ಟ್‌ಗಾಗಿ. ಅಲ್ಲಿ ತೆಗೆಯುವುದು ಯಾವಾಗಲೂ ರೂಟ್ ಅನ್ನು ಮಾತ್ರ. ನಾವು ತರಗತಿಯಲ್ಲಿಯೂ ಹೀಪ್‌ಸಾರ್ಟ್ ಹೇಳಿಕೊಟ್ಟು ಅಲ್ಲಿಗೆ ಮುಗಿಸುತ್ತೇವೆ. ಶೆಡ್ಯೂಲರ್ ಬರೆಯುವಾಗ ಮೊದಲ ಬಾರಿಗೆ ನಡುವಿಗೆ ಕೈ ಹಾಕುವ ವಿದ್ಯಾರ್ಥಿ ಅದೇ ಅಭ್ಯಾಸವನ್ನು ಅಲ್ಲಿಗೂ ಒಯ್ಯುತ್ತಾನೆ.

ಸರ್ವರ್_ಪಾಳಿ

ನಾನು ಕೆಲಸ ಮಾಡುವಲ್ಲಿ ನಡುವಿನಿಂದ ತೆಗೆಯುವ ಗೋಜಿಗೇ ಹೋಗುವುದಿಲ್ಲ. ಪೈಥಾನ್‌ನ `heapq`ನಲ್ಲಿ ಅದಕ್ಕೆ ಸಿದ್ಧ ಫಂಕ್ಷನ್ ಇಲ್ಲ. ರದ್ದಾದ ಟಾಸ್ಕ್‌ಗೆ ರದ್ದಾಗಿದೆ ಎಂದು ಗುರುತು ಹಾಕಿ ಅಲ್ಲಿಯೇ ಬಿಡುತ್ತೇವೆ, ಅದು ರೂಟ್‌ಗೆ ಬಂದಾಗ ಎತ್ತಿ ಎಸೆದು ಮುಂದಿನದನ್ನು ತೆಗೆದುಕೊಳ್ಳುತ್ತೇವೆ. `pos` ಬೇಡ, `siftUp` ಎಂಬ ಚರ್ಚೆಯೂ ಬೇಡ. ಆ ಲೈಬ್ರರಿಯ ದಸ್ತಾವೇಜಿನಲ್ಲಿಯೂ ಇದೇ ವಿಧಾನವನ್ನು ತೋರಿಸಿದ್ದಾರೆ.

ಆದರೆ ಒಮ್ಮೆ ನಮಗೇ ಇದು ತಿರುಗುಬಾಣವಾಯಿತು. ಪ್ರತಿ ಕೋರಿಕೆಗೂ 30 ಸೆಕೆಂಡಿನ ಗಡುವನ್ನು ಟಾಸ್ಕ್ ಆಗಿ ಹೀಪ್‌ಗೆ ಹಾಕುತ್ತಿದ್ದೆವು. ಬಹುತೇಕ ಕೋರಿಕೆಗಳು ಒಂದು ಸೆಕೆಂಡಿನೊಳಗೆ ಮುಗಿದು ಅವುಗಳ ಗಡುವು ರದ್ದಾಗುತ್ತಿತ್ತು. ರದ್ದಾದರೂ ಅವು ರೂಟ್ ತಲುಪುವುದು 30 ಸೆಕೆಂಡ್ ಕಳೆದ ಮೇಲೆಯೇ. ಹೀಗಾಗಿ ಜೀವಂತ ಟಾಸ್ಕ್‌ಗಳು ಕೆಲವೇ ಇದ್ದರೂ ಹೀಪ್‌ನ ತುಂಬ ಸತ್ತವೇ ತುಂಬಿರುತ್ತಿದ್ದವು, ಮತ್ತು ದಟ್ಟಣೆಯ ಹೊತ್ತಿನಲ್ಲಿ ಮೆಮೊರಿ ಏರುತ್ತ ಹೋಗುತ್ತಿತ್ತು. ಸತ್ತವು ಅರ್ಧಕ್ಕಿಂತ ಹೆಚ್ಚಾದ ಕೂಡಲೇ ಬದುಕಿರುವವನ್ನು ಮಾತ್ರ ಹೆಕ್ಕಿ ಹೀಪ್ ಅನ್ನು ಹೊಸದಾಗಿ ಕಟ್ಟುವ ನಿಯಮ ಹಾಕಿದ ಮೇಲೆ ಅದು ನಿಂತಿತು.

ಸೆಮ್_ಮೂರು

ಸರ್, ನಮ್ಮ ಅಸೈನ್‌ಮೆಂಟ್‌ನಲ್ಲಿ ರದ್ದಾದ ಟಾಸ್ಕ್ ತಕ್ಷಣ ಹೀಪ್‌ನಿಂದ ಹೊರಹೋಗಬೇಕು ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಪ್ರತಿ ಆಜ್ಞೆಯ ನಂತರ `n`ನ ಬೆಲೆಯನ್ನೂ ಮುದ್ರಿಸಬೇಕು. ಆದ್ದರಿಂದ ತಮ್ಮ ವಿಧಾನ ಇಲ್ಲಿ ನಡೆಯುವುದಿಲ್ಲ ಎನಿಸುತ್ತದೆ.

ಸರ್ವರ್_ಪಾಳಿ

ಎಣಿಕೆಯನ್ನು ಬೇರೆ ವೇರಿಯಬಲ್‌ನಲ್ಲಿ ಇಟ್ಟು ಅದನ್ನು ಮುದ್ರಿಸಬಹುದು. ಆದರೂ ಪ್ರಶ್ನೆಯಲ್ಲಿ ಹಾಗೆಂದು ಬರೆದಿದ್ದರೆ ಅದರಂತೆ ನಡೆಯುವುದು ಮೇಲು.

ಸೆಮ್_ಮೂರು

ಇಂದಿನ ವರದಿ. ಕ್ರಮಸಂಖ್ಯೆ ಸೇರಿಸಿ ಸಲ್ಲಿಸಿದಾಗ 4 ತಪ್ಪುಗಳು 3 ಆದವು. `siftUp` ಸೇರಿಸಿದಾಗ 2 ಆದವು. ಮೂರನೆಯ ಅವಕಾಶವನ್ನು ಉಳಿಸಿಕೊಂಡು `check` ಹಾಕಿ ಮನೆಯಲ್ಲಿಯೇ ಒಂದು ಚಿಕ್ಕ ಪ್ರೋಗ್ರಾಮ್‌ನಿಂದ ಯಾದೃಚ್ಛಿಕ ಆಜ್ಞೆಗಳನ್ನು ಕೊಡುತ್ತ ಹೋದೆ. ಪಕ್ಕದಲ್ಲಿ ಸಾದಾ ಅರೇಯನ್ನು ಪೂರ್ತಿ ಹುಡುಕಿ ಅತಿ ಚಿಕ್ಕದನ್ನು ಕೊಡುವ ನಿಧಾನದ ಶೆಡ್ಯೂಲರ್ ಒಂದನ್ನೂ ಇಟ್ಟು ಎರಡರ ಉತ್ತರವನ್ನು ಹೋಲಿಸಿದೆ. `check` ಎಲ್ಲಿಯೂ ನಿಲ್ಲಲಿಲ್ಲ. ಆದರೆ ಒಂದು ಕಡೆ ವಿಚಿತ್ರವೊಂದು ಕಾಣಿಸಿತು: ಈಗಾಗಲೇ ರದ್ದಾಗಿರುವ ಟಾಸ್ಕ್ 17ನ್ನು ಮತ್ತೊಮ್ಮೆ ರದ್ದು ಮಾಡಿದಾಗ, ಅದರ ಬದಲು ಟಾಸ್ಕ್ 23 ಹೀಪ್‌ನಿಂದ ಮಾಯವಾಯಿತು. `cancel`ನ ಆರಂಭದಲ್ಲಿ `if (i < 0) return;` ಎಂಬ ಸಾಲನ್ನು ಸೇರಿಸಿದ್ದೇನೆ, ಆದರೂ ಹೀಗಾಗುತ್ತಿದೆ.

ಲ್ಯಾಬ್_ಮೇಡಂ

ನಿಧಾನದ ಶೆಡ್ಯೂಲರ್ ಪಕ್ಕದಲ್ಲಿಟ್ಟು ಹೋಲಿಸಿದ್ದು ಒಳ್ಳೆಯ ಕೆಲಸ, ಅದಿಲ್ಲದಿದ್ದರೆ ಇದು ಸಿಕ್ಕುತ್ತಲೇ ಇರಲಿಲ್ಲ. ಟಾಸ್ಕ್ 17ನ್ನು ಮೊದಲ ಸಲ ರದ್ದು ಮಾಡುವಾಗ ಅದು ಅರೇಯ ಕೊನೆಯಲ್ಲಿಯೇ ಇತ್ತೇ ನೋಡಿ.

ಇದ್ದಿದ್ದರೆ ನಡೆದದ್ದು ಇಷ್ಟು. ನೀವು ಮೊದಲು `pos[17]`ಕ್ಕೆ -1 ಹಾಕಿದಿರಿ. `n` ಒಂದು ಕಡಿಮೆಯಾಯಿತು, ಈಗ `i` ಮತ್ತು `n` ಒಂದೇ. `h[i] = h[n]` ಎಂಬಲ್ಲಿ ಟಾಸ್ಕ್ 17 ತನ್ನನ್ನೇ ತನ್ನ ಮೇಲೆ ನಕಲು ಮಾಡಿಕೊಂಡಿತು. ಮುಂದಿನ ಸಾಲು `pos[h[i].id] = i` ಈಗಷ್ಟೇ ಅಳಿಸಿದ `pos[17]`ಕ್ಕೆ ಹಳೆಯ ಜಾಗವನ್ನೇ ಮತ್ತೆ ಬರೆಯಿತು. ಹೀಪ್‌ನಲ್ಲಿ 17 ಇಲ್ಲ, ಆದರೆ `pos` ಪ್ರಕಾರ ಇದೆ. ಆಮೇಲೆ ಬಂದ ಟಾಸ್ಕ್ 23 ಅದೇ ಜಾಗದಲ್ಲಿ ಕುಳಿತಿತು. ಎರಡನೆಯ ಸಲ 17ನ್ನು ರದ್ದು ಮಾಡಿದಾಗ ಹೊರಬಿದ್ದದ್ದು 23. ನನ್ನ `check` ಇದನ್ನು ಹಿಡಿಯದಿರುವುದಕ್ಕೆ ಕಾರಣ, ಅದು ಹೀಪ್‌ನಲ್ಲಿರುವ ಟಾಸ್ಕ್‌ಗಳ `pos` ಮಾತ್ರ ನೋಡುತ್ತದೆ, ಇಲ್ಲದವುಗಳದ್ದನ್ನು ನೋಡುವುದಿಲ್ಲ. ಅದು ನನ್ನ ಕೊರತೆ. `pos`ನಲ್ಲಿ -1 ಅಲ್ಲದ ನಮೂದುಗಳನ್ನು ಎಣಿಸಿ ಆ ಸಂಖ್ಯೆ `n`ಗೆ ಸಮವೇ ಎಂದು ಕೂಡ ನೋಡಬೇಕಿತ್ತು.

ತಿದ್ದಿದ ರೂಪ ಹೀಗಿರಲಿ:

```c
void cancel(int id) {
    int i = pos[id];
    if (i < 0) return;
    pos[id] = -1;
    n--;
    if (i == n) return;
    h[i] = h[n];
    pos[h[i].id] = i;
    siftDown(i);
    siftUp(i);
}
```

`RUN`ನಲ್ಲಿಯೂ ಒಂದೇ ಟಾಸ್ಕ್ ಉಳಿದಾಗ ರೂಟ್ ಮತ್ತು ಕೊನೆ ಒಂದೇ ಆಗುತ್ತವೆ. ಅಲ್ಲಿಯೂ ಇದೇ ಭೂತ ಇರಬಹುದು. `RUN`ಗೆ ಬೇರೆ ಕೋಡ್ ಇಡದೆ, ರೂಟ್‌ನ ಗುರುತನ್ನು `cancel`ಗೇ ಕೊಟ್ಟುಬಿಡಿ.

ಕರ್ನಲ್_ಕುತೂಹಲಿ

ಒಂದು ಮೂಲಭೂತ ಪ್ರಶ್ನೆ. ನಿಜವಾದ ಶೆಡ್ಯೂಲರ್‌ಗಳೆಲ್ಲ ಹೀಪ್ ಬಳಸುವುದಿಲ್ಲವಲ್ಲ. ಲಿನಕ್ಸ್ ಕರ್ನಲ್ 2007ರಲ್ಲಿ ಬಂದ 2.6.23 ಆವೃತ್ತಿಯಿಂದ ಸಾಮಾನ್ಯ ಟಾಸ್ಕ್‌ಗಳಿಗೆ ರೆಡ್-ಬ್ಲ್ಯಾಕ್ ಮರವನ್ನು ಬಳಸುತ್ತ ಬಂದಿದೆ. ವಿದ್ಯಾರ್ಥಿಗಳಿಂದ ಹೀಪ್ ಮೇಲೆ ಶೆಡ್ಯೂಲರ್ ಬರೆಸುವುದು ದಾರಿ ತಪ್ಪಿಸಿದಂತೆ ಅಲ್ಲವೇ?

ಲ್ಯಾಬ್_ಮೇಡಂ

ಲಿನಕ್ಸ್ ಬಗ್ಗೆ ತಾವು ಹೇಳಿದ್ದು ನಿಜ. ಅಲ್ಲಿ ಟಾಸ್ಕ್‌ಗಳು ನಡುವಿನಿಂದ ಹೊರಹೋಗುವುದು, ಮತ್ತೆ ಸೇರುವುದು ಸದಾ ನಡೆಯುತ್ತಿರುತ್ತದೆ, ಮರದ ನೋಡ್ ಟಾಸ್ಕ್‌ನ ಒಳಗೇ ಇರುವುದರಿಂದ `pos` ಅರೇಯ ಅಗತ್ಯವೂ ಇಲ್ಲ. ಆದರೆ ಈ ವಿದ್ಯಾರ್ಥಿಯ ಹೀಪ್‌ನಲ್ಲಿ 1000 ಟಾಸ್ಕ್‌ಗಳಿದ್ದರೂ ಅದರ ಎತ್ತರ ಹತ್ತೇ ಸಾಲು. ಇಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ. ಪಠ್ಯಕ್ರಮ ಹೇಗಿರಬೇಕೆಂಬ ಚರ್ಚೆಯನ್ನು ಬೇರೆ ಎಳೆಯಲ್ಲಿ ಮುಂದುವರಿಸೋಣ.

ಅಲ್ಗೋ_ಅಭ್ಯಾಸಿ

ನಮ್ಮ ಕಾಲೇಜಿನ ಇಂಥದೇ ಅಸೈನ್‌ಮೆಂಟ್‌ನಲ್ಲಿ ಒಂದು ಹೆಚ್ಚುವರಿ ಪ್ರಶ್ನೆ ಇತ್ತು: ಕಾಯುತ್ತಿರುವ ಟಾಸ್ಕ್‌ನ ಆದ್ಯತೆಯ ಸಂಖ್ಯೆ ಪ್ರತಿ 10 ಟಿಕ್‌ಗೆ ಒಂದೊಂದು ಕಡಿಮೆಯಾಗಬೇಕು, ಇಲ್ಲದಿದ್ದರೆ ಆದ್ಯತೆ 20ರವು ಎಂದೂ ಓಡುವುದಿಲ್ಲ. ನಾನು ಪ್ರತಿ 10 ಟಿಕ್‌ಗೆ ಎಲ್ಲವನ್ನೂ ತಿದ್ದಿ ಹೀಪ್ ಅನ್ನು ಮರುಕಟ್ಟಿದ್ದೆ. ಬೇರೆ ದಾರಿಯಿತ್ತೇ?

ಲ್ಯಾಬ್_ಮೇಡಂ

ಇಳಿಕೆ ಮೆಟ್ಟಿಲಾಗಿರದೆ ಒಂದೇ ಸಮನೆ ನಡೆಯುವುದಾದರೆ ಏನನ್ನೂ ತಿದ್ದಬೇಕಾಗಿಲ್ಲ. ಎಲ್ಲರೂ ಒಂದೇ ವೇಗದಲ್ಲಿ ಇಳಿಯುತ್ತಿದ್ದರೆ ಇಬ್ಬರ ನಡುವಿನ ಅಂತರ ಬದಲಾಗುವುದಿಲ್ಲ. ಟಾಸ್ಕ್ ಬಂದಾಗಲೇ ಆದ್ಯತೆಯನ್ನು 10ರಿಂದ ಗುಣಿಸಿ ಬಂದ ಟಿಕ್ ಅನ್ನು ಕೂಡಿಸಿ ಅದನ್ನೇ ಕೀ ಆಗಿ ಇಟ್ಟರೆ ಆಯಿತು. ತಡವಾಗಿ ಬಂದವರ ಕೀ ತಾನಾಗಿಯೇ ದೊಡ್ಡದಾಗಿರುತ್ತದೆ.

ಆದರೆ ನಿಮ್ಮ ಪ್ರಶ್ನೆಯಲ್ಲಿದ್ದದ್ದು ಮೆಟ್ಟಿಲಿನ ಇಳಿಕೆ, ಅಲ್ಲಿ ಇದು ಪೂರ್ತಿ ಹೊಂದುವುದಿಲ್ಲ. ಆದ್ಯತೆ 6ರ ಟಾಸ್ಕ್ ಟಿಕ್ 0ರಲ್ಲಿ, ಆದ್ಯತೆ 5ರದ್ದು ಟಿಕ್ 5ರಲ್ಲಿ ಬಂದರೆ, ಕೀಗಳು 60 ಮತ್ತು 55, ಅಂದರೆ ಎರಡನೆಯದು ಮೊದಲು ಓಡಬೇಕು. ಮೆಟ್ಟಿಲಿನ ಲೆಕ್ಕದಲ್ಲಿ ಟಿಕ್ 10ರಿಂದ 14ರವರೆಗೆ ಇಬ್ಬರದ್ದೂ 5 ಆಗಿ, ಮೊದಲು ಬಂದದ್ದು ಗೆಲ್ಲುತ್ತದೆ. ಟಿಕ್ 15ರಲ್ಲಿ ಮತ್ತೆ ಕ್ರಮ ತಿರುಗುತ್ತದೆ. ಕಾಯುತ್ತಿರುವ ಇಬ್ಬರ ಕ್ರಮ ಹೀಗೆ ಹಿಂದೆಮುಂದೆ ಆಗುವಾಗ ಬದಲಾಗದ ಒಂದೇ ಕೀ ಇರಲು ಸಾಧ್ಯವಿಲ್ಲ.

ಅಲ್ಗೋ_ಅಭ್ಯಾಸಿ

ಆದ್ಯತೆಗೊಂದು ಸಾಲಿನಂತೆ ಇಪ್ಪತ್ತೊಂದು ಸಾದಾ ಕ್ಯೂ ಇಟ್ಟರೆ ಹೇಗೆ? ಆಗ ಹೀಪ್ ಬೇಕಾಗುವುದೇ ಇಲ್ಲ.

ಲ್ಯಾಬ್_ಮೇಡಂ

ಆದ್ಯತೆಗಳು ಅಷ್ಟು ಕಡಿಮೆ ಇದ್ದರೆ ನಾನೂ ಹಾಗೆಯೇ ಮಾಡುತ್ತಿದ್ದೆ. ಪ್ರತಿ ಟಿಕ್‌ಗೆ ಯಾರು ಯಾವ ಕ್ಯೂಗೆ ಇಳಿಯಬೇಕೆಂದು ಹುಡುಕುವುದು ಹೇಗೆಂಬುದು ಮಾತ್ರ ಉಳಿಯುತ್ತದೆ. ಅದಕ್ಕೆ ಸೊಗಸಾದ ಉತ್ತರ ನನಗೂ ಹೊಳೆದಿಲ್ಲ.

ಸೆಮ್_ಮೂರು

ಭೂತ ಸಿಕ್ಕಿತು, ಮೇಡಂ. ಟಾಸ್ಕ್ 17 ಕೊನೆಯಲ್ಲಿಯೇ ಇತ್ತು. ತಿದ್ದಿ ಸಲ್ಲಿಸಿದಾಗ 12ರಲ್ಲಿ 11 ಸರಿಯಾದವು. ಉಳಿದ ಒಂದು `CHANGE`ಗೆ ಸಂಬಂಧಿಸಿದ್ದು. ಆದ್ಯತೆ ಬದಲಾದಾಗ ಟಾಸ್ಕ್ ತನ್ನ ಹಳೆಯ ಕ್ರಮಸಂಖ್ಯೆಯನ್ನೇ ಉಳಿಸಿಕೊಳ್ಳಬೇಕೋ ಅಥವಾ ಹೊಸದಾಗಿ ಬಂದಂತೆ ಸಾಲಿನ ಕೊನೆಗೆ ಹೋಗಬೇಕೋ ಎಂದು ಪ್ರಶ್ನೆಪತ್ರದಲ್ಲಿ ಬರೆದಿಲ್ಲ. ನಾನು ಹಳೆಯದನ್ನೇ ಉಳಿಸಿದ್ದೆ. ಇಂದು ಬೆಳಿಗ್ಗೆ ಹೊಸ ಸಂಖ್ಯೆ ಕೊಟ್ಟು ಸಲ್ಲಿಸಿದರೆ ಆ ಪರೀಕ್ಷೆ ಸರಿಯಾಯಿತು, ಆದರೆ ಮೊದಲು ಸರಿಯಾಗಿದ್ದ ಏಳನೆಯ ಪರೀಕ್ಷೆ ತಪ್ಪಾಯಿತು.

ಸರ್ವರ್_ಪಾಳಿ

ಹಳೆಯದನ್ನೇ ಉಳಿಸುವುದು ನ್ಯಾಯ. ಅಷ್ಟು ಹೊತ್ತು ಕಾದವರನ್ನು ಹಿಂದಕ್ಕೆ ಕಳಿಸುವುದು ಸರಿಯಲ್ಲ.

ಅಲ್ಗೋ_ಅಭ್ಯಾಸಿ

ಹೊಸ ಆದ್ಯತೆಯ ಸಾಲಿಗೆ ಅವರು ಈಗಷ್ಟೇ ಬಂದವರು. ಅಲ್ಲಿ ಮೊದಲಿನಿಂದ ಕಾಯುತ್ತಿರುವವರನ್ನು ದಾಟಿ ಮುಂದೆ ನಿಲ್ಲುವುದು ಯಾವ ನ್ಯಾಯ?

ಲ್ಯಾಬ್_ಮೇಡಂ

ಎರಡೂ ಸಮರ್ಥನೀಯ, ಪ್ರಶ್ನೆ ಬರೆದವರು ಹೇಳಬೇಕಾಗಿತ್ತು. ಆದರೆ ನಿಮಗೆ ಸಿಕ್ಕ ಫಲಿತಾಂಶದಿಂದ ಒಂದು ಊಹೆ ಮಾಡಬಹುದು. ಏಳನೆಯ ಪರೀಕ್ಷೆಯಲ್ಲಿ ಯಾವುದಾದರೂ ಟಾಸ್ಕ್‌ಗೆ ಈಗಿರುವ ಆದ್ಯತೆಯನ್ನೇ ಮತ್ತೆ ಕೊಡುವ `CHANGE` ಇರಬಹುದು. ಸಂಖ್ಯೆ ನಿಜವಾಗಿ ಬದಲಾದಾಗ ಮಾತ್ರ ಹೊಸ ಕ್ರಮಸಂಖ್ಯೆ ಕೊಟ್ಟು, ಬದಲಾಗದಿದ್ದರೆ ಏನನ್ನೂ ಮಾಡದೆ ಹಿಂದಿರುಗಿ ನೋಡಿ. ಮತ್ತು `CHANGE`ನಲ್ಲಿಯೂ `siftDown`, `siftUp` ಎರಡೂ ಇವೆಯೇ ಎಂದು ಖಚಿತಪಡಿಸಿಕೊಳ್ಳಿ. ಆದ್ಯತೆಯ ಸಂಖ್ಯೆ ಹೆಚ್ಚೂ ಆಗಬಹುದು, ಕಡಿಮೆಯೂ ಆಗಬಹುದು.

ಸೆಮ್_ಮೂರು

ಎರಡೂ ಇವೆ ಮೇಡಂ. ಇಂದಿನ ಮೂರು ಅವಕಾಶಗಳೂ ಮುಗಿದಿವೆ. ನಾಳೆ ಬೆಳಿಗ್ಗೆ ತಾವು ಹೇಳಿದಂತೆ ಸಲ್ಲಿಸಿ, ಏಳನೆಯ ಪರೀಕ್ಷೆ ಏನಾಯಿತೆಂದು ಇಲ್ಲಿಯೇ ಬರೆಯುತ್ತೇನೆ.